ಗಿಡ್ಡವಾದ ಚಿನ್ನ

ನಾಳೆ ಕೊಡಬೇಕಾದ ಪ್ರಾಜೆಕ್ಟ್ ವಿಷಯ ಮಕ್ಕಳ ಬಾಯಿಂದ ರಾತ್ರಿ ಊಟದ ಹೊತ್ತಿಗೇ ಯಾಕೆ ಬರುತ್ತದೋ ನಾ ಕಾಣೆ. ನಿನ್ನೆಯೂ ಅದೇ ಆಯ್ತು. ಹೊರಗೆ ಜಡಿಮಳೆ, ಸಂಜೆಯೇ ಕರೆಂಟ್ ಮಾಯ, ಕೊಡಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ, ಚಿನ್ನ ಎಷ್ಟು ಡಿಗ್ರಿಗೆ ಕರಗುತ್ತವೆ ಅಂತ ಕಂಬ ಬರೆದು ತೋರಿಸಬೇಕಂತೆ. ಪಕ್ಕದಲ್ಲಿ ಸ್ಯಾಂಪಲ್ ಅಂಟಿಸಬೇಕಂತೆ. ಚಿನ್ನವನ್ನೂ! ಗೋಂದು ಹಚ್ಚಿ!

ಹಳೇ ಕ್ಯಾಲೆಂಡರಿನ ಬೆನ್ನಿಗೆ, ಮೇಣದಬತ್ತಿ ಬೆಳಕಲ್ಲಿ ಶುರು ಮಾಡಿದೆವು. ನೂರು ಡಿಗ್ರಿಗೆ ಒಂದು ಸೆಂಟಿಮೀಟರ್. ಅಲ್ಯೂಮಿನಿಯಂ 660ಕ್ಕೇ ನಿಂತಿತು, ಕಬ್ಬಿಣ 1538ಕ್ಕೆ ಏರಿ ಹದಿನೈದು ಸೆಂಟಿಮೀಟರ್ ದಾಟಿತು. ತಲೆನೋವಾಗಿದ್ದು ಉಳಿದ ಎರಡು. ತಾಮ್ರ 1085, ಚಿನ್ನ 1064. ಅಂತರ ಎರಡು ಮಿಲಿಮೀಟರ್, ನಮ್ಮ ಮೊಂಡು ಸ್ಕೆಚ್ ಪೆನ್ನಿನ ಗೀಟೇ ಅಷ್ಟು ದಪ್ಪ.

ಅಷ್ಟರಲ್ಲಿ ಅತ್ತೆ ಬಂದರು. ಅತ್ತೆಗೆ ಬೆಳಿಗ್ಗೆ ಪೇಪರಿನಲ್ಲಿ ಮೊದಲು ಚಿನ್ನದ ರೇಟು ಬೇಕು, ಯಾರು ತೀರಿಕೊಂಡರು ಅನ್ನೋದು ಆಮೇಲೆ. ರೇಟು ಏರಿದರೆ 'ಅಯ್ಯೋ, ಆವಾಗಲೇ ಇನ್ನೆರಡು ಬಳೆ ಮಾಡಿಸಬೇಕಿತ್ತು', ಇಳಿದರೆ 'ಅಯ್ಯೋ, ನನ್ನ ಸರ'. ಒಟ್ಟಿನಲ್ಲಿ ಅಯ್ಯೋ ತಪ್ಪದು. ಮದುವೆಗೆ ಹೋದರೂ ಹೆಣ್ಣಿನ ಮುಖ ನೋಡುವ ಮೊದಲು ಕತ್ತಿನಲ್ಲಿರೋದು ಎಷ್ಟು ಪವನು ಅಂತ ಕಣ್ಣಲ್ಲೇ ತೂಗಿರುತ್ತಾರೆ.

"ಮಗಾ, ಕಬ್ಬಿಣಕ್ಕಿಂತ ಚಿನ್ನ ಗಿಡ್ಡನಾ? ಯಾರು ಹೇಳಿಕೊಟ್ಟಿದ್ದು?"

"ಅಜ್ಜಿ, ಇದು ರೇಟಲ್ಲ. ಒಳಗಿನ ಕಣಗಳು ಒಂದನ್ನೊಂದು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿವೆ ಅನ್ನೋ ಲೆಕ್ಕ."

ಅತ್ತೆ ಒಪ್ಪಲಿಲ್ಲ. ಆದರೆ ಅವರ ಅಮ್ಮನ ಬಳೆ ಕರಗಿಸಿದ ಕತೆ ಹೊರಬಂತು. ಅಕ್ಕಸಾಲಿಗರು ಬಳೆ ತುಂಡುಗಳನ್ನು ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ, ಇದ್ದಿಲ ಕೆಂಡಕ್ಕೆ ಊದಿ ಊದಿ ಕರಗಿಸಿದ್ದರಂತೆ. ಅಮ್ಮ ಇರಲಿಲ್ಲ, ಬಳೆ ಎರಡು ಓಲೆಯಾಗಿತ್ತು. ಹೇಳುವಾಗ ಅತ್ತೆಯ ಕೈ ಕಿವಿಗೆ ಹೋಗಿತ್ತು, ನಾವು ಯಾರೂ ಮಾತಾಡಲಿಲ್ಲ.

"ತಾಮ್ರ ಬೆರೆತರೆ ಬೇಗ ಕರಗುತ್ತೆ ಅಂದಿದ್ದರು" ಅಂದರು. ಮಗ ನಕ್ಕ. 1064ಕ್ಕೆ 1085 ಸೇರಿಸಿದರೆ ನಡುವೆ ಎಲ್ಲೋ ಬರಬೇಕು ತಾನೇ? ಬರಲ್ಲ. ನಾಲ್ಕು ಪಾಲು ಚಿನ್ನಕ್ಕೆ ಒಂದು ಪಾಲು ತಾಮ್ರ ತೂಗಿ ಹಾಕಿದರೆ ಸುಮಾರು 910ಕ್ಕೇ ಕರಗುತ್ತದೆ, ಎರಡಕ್ಕಿಂತಲೂ ಕೆಳಗೆ! ತಾಮ್ರದ ಕಣ ಚಿಕ್ಕದು. ಚಿನ್ನದ ಸಾಲಿನಲ್ಲಿ ಸರಿಯಾಗಿ ಕೂರದೆ ಸಾಲನ್ನೇ ಕೆಡಿಸುತ್ತದೆ, ಹಿಡಿತ ಸಡಿಲವಾಗುತ್ತದೆ. 1064 ಅನ್ನೋದು ಅಪ್ಪಟ ಚಿನ್ನದ ಲೆಕ್ಕ. 22 ಕ್ಯಾರೆಟ್ ಒಡವೆಯಲ್ಲಿ ತಾಮ್ರ, ಬೆಳ್ಳಿ ಬೆರೆತಿರುತ್ತದೆ, ಅದಕ್ಕೂ ಮುಂಚೆಯೇ ಕರಗುತ್ತದೆ.

ನನಗೆ ಬೇಕಾಗಿದ್ದೂ ಅದೇ. ಹಾಳೆಯಲ್ಲಿ ಫಾಯಿಲ್ ಚೂರು, ವೈರಿನ ತಾಮ್ರ, ಈ ಮಳೆಗೆ ತುಕ್ಕು ಹಿಡಿದು ಉಜ್ಜಿ ಉಜ್ಜಿ ಕಬ್ಬಿಣವಾದ ಮೊಳೆ. ಚಿನ್ನದ ಜಾಗ ಖಾಲಿ. ಕೆಳಗೆ ಬರೆಸಿದೆ: 'ಮನೆಯಲ್ಲಿರುವುದು ಅಪ್ಪಟವಲ್ಲದ ಕಾರಣ ಅಂಟಿಸಿಲ್ಲ.'

ಅತ್ತೆಗೆ ಮುಖ ಕೆಂಪಾಯಿತು. "ಅಪ್ಪಟವಲ್ಲ ಅಂತ ಊರಿಗೆಲ್ಲ ಸಾರಬೇಡ. ಪಕ್ಕದಲ್ಲಿ ಇವತ್ತಿನ ರೇಟಾದರೂ ಬರಿ ಮಗಾ, ಟೀಚರಿಗೂ ಗೊತ್ತಾಗಲಿ."