ಮೆಟ್ರೋಗೆ ಐದೇ ನಿಮಿಷ ಮೇಡಂ

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಎರಡು ಊರು. ಇಟ್ಟಿಗೆ ಸಿಮೆಂಟಿನ ಮನೆ ಒಂದು ಕಡೆ ಇರುತ್ತದೆ, ಜಾಹೀರಾತಿನ ಮನೆ ಇನ್ನೊಂದು ಕಡೆ. ಹೊಸಕೋಟೆ ಕಡೆಯ ಮನೆ ಜಾಹೀರಾತಿಗೆ ಬಂದರೆ ವೈಟ್‌ಫೀಲ್ಡ್‌ನಲ್ಲಿ ಕೂತಿರುತ್ತದೆ. ಸರ್ಜಾಪುರ ರಸ್ತೆಯನ್ನಂತೂ ರಸ್ತೆ ಅಂತ ಯಾರೂ ನಂಬಬೇಡಿ. ಆನೇಕಲ್ ತಾಲ್ಲೂಕಿನ ಹೊಲದ ಬದುವಿನ ಮೇಲೆ ಎದ್ದ ಅಪಾರ್ಟ್‌ಮೆಂಟೂ 'ಜಸ್ಟ್ ಆಫ್ ಸರ್ಜಾಪುರ ರೋಡ್'. ಕಂದಾಯ ಇಲಾಖೆಗೆ ವರ್ಷಗಟ್ಟಲೆ ಹಿಡಿಯುವ ಗಡಿ ಬದಲಾವಣೆಯನ್ನು ಬ್ರೋಕರ್ ಒಬ್ಬ ಒಂದೇ ಸಾಲಿನಲ್ಲಿ ಮಾಡಿ ಮುಗಿಸುತ್ತಾನೆ.

ನಮ್ಮ ಪರಿಚಯದ ದಾವಣಗೆರೆ ಹುಡುಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಊರಲ್ಲೇ ಕೂತು ಫೋನಿನಲ್ಲಿ ಮನೆ ಹುಡುಕಿದ. ಸಿಕ್ಕ ಜಾಹೀರಾತು ಹೀಗಿತ್ತು: 'ಎಚ್‌ಎಸ್‌ಆರ್ ಲೇಔಟ್, 2 ಬಿಎಚ್‌ಕೆ, ಮೆಟ್ರೋಗೆ 5 ನಿಮಿಷ, ಪ್ರಶಾಂತ ವಾತಾವರಣ, ಫ್ಯಾಮಿಲಿಗೆ ಆದ್ಯತೆ.' ಬ್ರೋಕರ್‌ಗೆ ಫೋನ್ ಮಾಡಿದ್ದೇ ತಡ, ಇನ್ನೊಂದು ಪಾರ್ಟಿ ಸಂಜೆಗೆ ಬರುತ್ತಿದೆ, ಈಗಲೇ ಹತ್ತು ಸಾವಿರ ಟೋಕನ್ ಹಾಕಿದರೆ ಮನೆ ನಿಮ್ಮದು ಅಂದ. ಈ ಇನ್ನೊಂದು ಪಾರ್ಟಿ ಬೆಂಗಳೂರಿನ ಪ್ರತಿ ಖಾಲಿ ಮನೆಗೂ ಸಂಜೆ ಬರುತ್ತದೆ. ಅದನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ.

ಹುಡುಗ ದುಡ್ಡು ಹಾಕುವ ಮೊದಲು ರಾಜಾಜಿನಗರದಲ್ಲಿರುವ ಅಕ್ಕನಿಗೆ ಹೇಳಿದ. ಬ್ರೋಕರ್‌ನ ಕಷ್ಟ ಶುರುವಾಗಿದ್ದು ಅಲ್ಲಿಂದ.

ಅಕ್ಕ ಮೊದಲು ಕೇಳಿದ್ದು ಲೊಕೇಶನ್. ಬಂದ ಪಿನ್ ತೆರೆದರೆ ಎಚ್‌ಎಸ್‌ಆರ್ ಲೇಔಟಿನ ನಟ್ಟನಡುವೆ, ಒಂದು ಪಾರ್ಕಿನೊಳಗೆ ಬಿದ್ದಿತ್ತು. ಇದಕ್ಕೆ ಪಾರ್ಕಿನಲ್ಲಿ ಫ್ಲಾಟ್ ಕಟ್ಟಿದ್ದಾರೆ ಅಂತ ಅರ್ಥವಲ್ಲ. ಜಾಹೀರಾತು ಹಾಕುವಾಗ ಕಟ್ಟಡವನ್ನು ಗುರುತಿಸದೆ ಬಡಾವಣೆಯ ಹೆಸರಷ್ಟೇ ಕೊಟ್ಟರೆ ಪಿನ್ ಬಡಾವಣೆಯ ಮಧ್ಯಕ್ಕೆ ಹೋಗಿ ಕೂರುವುದುಂಟು. 'ಇದಲ್ಲ, ಬಾಗಿಲ ಮುಂದೆ ನಿಂತು ಲೈವ್ ಲೊಕೇಶನ್ ಕಳಿಸಿ, ಜೊತೆಗೆ ಮನೆಯ ಬೆಸ್ಕಾಂ ಬಿಲ್ಲಿನ ಫೋಟೋ ಕಳಿಸಿ' ಅಂದಳು ಅಕ್ಕ. ಕರೆಂಟ್ ಬಿಲ್ ಯಾಕೆ ಮೇಡಂ, ಮನೆ ನೋಡೋಕೆ ಬರ್ತೀರೋ ಮೀಟರ್ ಓದೋಕೆ ಬರ್ತೀರೋ ಅಂತ ಬ್ರೋಕರ್ ನಕ್ಕ. ನಕ್ಕರೂ ಕಳಿಸಿದ.

ಜಾಹೀರಾತಿನಲ್ಲಿ ಮಾಲೀಕರು ಏನು ಬೇಕಾದರೂ ಬರೆಯಬಹುದು, ಬೆಸ್ಕಾಂ ಬಿಲ್ಲಿನ ಮೇಲೆ ಬರೆಯಲಾರರು. ಬಿಲ್ಲಿನಲ್ಲಿದ್ದ ಪಿನ್‌ಕೋಡ್ 560068. ಎಚ್‌ಎಸ್‌ಆರ್ ಲೇಔಟಿನದು 560102. 68 ಅಂದರೆ ಬೊಮ್ಮನಹಳ್ಳಿ ಕಡೆ. ಬೊಮ್ಮನಹಳ್ಳಿಯಲ್ಲಿ ಮನೆ ಇರುವುದು ತಪ್ಪೇನಲ್ಲ, ಲಕ್ಷಾಂತರ ಜನ ಅಲ್ಲಿ ಚೆನ್ನಾಗಿಯೇ ಇದ್ದಾರೆ. ಬಾಡಿಗೆ ಮಾತ್ರ ಎಚ್‌ಎಸ್‌ಆರ್‌ನದ್ದು ಕೇಳಿದ್ದು ತಪ್ಪು. ಬಿಲ್ಲಿನ ಅಕೌಂಟ್ ಐಡಿಯನ್ನು ಫೋನಿನ ಪೇಮೆಂಟ್ ಆ್ಯಪ್‌ಗೆ ಹಾಕಿದರೆ ಗ್ರಾಹಕರ ಹೆಸರೂ ಬರುತ್ತದೆ. ಅದು ಮಾಲೀಕರ ಹೆಸರಿಗೆ ಹೊಂದಲೇಬೇಕು ಅಂತೇನಿಲ್ಲ. ಎಷ್ಟೋ ಮನೆಗಳ ಬಿಲ್ ಇನ್ನೂ ಬಿಲ್ಡರ್ ಹೆಸರಿನಲ್ಲೋ ತೀರಿಕೊಂಡ ತಂದೆಯ ಹೆಸರಿನಲ್ಲೋ ಇರುತ್ತದೆ. ಹೊಂದದಿದ್ದರೆ ಯಾಕೆ ಅಂತ ಕೇಳಬೇಕು, ಅಷ್ಟೇ. ಬಿಲ್ಲೇ ಇಲ್ಲ, ಮಾಲೀಕರು ಬೇರೆ ರಾಜ್ಯದಲ್ಲಿ ಡ್ಯೂಟಿಯಲ್ಲಿದ್ದಾರೆ, ಗೇಟ್ ಪಾಸ್‌ಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೆ ಅಲ್ಲಿ ಮನೆಯೇ ಇಲ್ಲ ಅಂತ ತಿಳಿದು ಫೋನ್ ಇಡಬೇಕು.

ಇನ್ನು ಐದು ನಿಮಿಷದ ವಿಚಾರ. ಸಾಧಾರಣ ಮನುಷ್ಯ ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾನೆ. ಐದು ನಿಮಿಷ ಅಂದರೆ 400 ಮೀಟರ್. ಅಕ್ಕ ಮ್ಯಾಪ್‌ನಲ್ಲಿ ಮನೆಯಿಂದ ಹೊಂಗಸಂದ್ರ ಮೆಟ್ರೋ ನಿಲ್ದಾಣಕ್ಕೆ ನೇರ ಗೆರೆ ಎಳೆದು ಅಳೆದಳು, 900 ಮೀಟರ್ ಬಂತು. ನಡೆದು ಹೋಗುವ ದಾರಿ ಕೇಳಿದರೆ 2.1 ಕಿಲೋಮೀಟರ್. ನಡುವೆ ಒಂದು ರಾಜಕಾಲುವೆ, ಅದರ ಪಕ್ಕಕ್ಕೊಂದು ಉದ್ದದ ಕಾಂಪೌಂಡ್. ಐದು ನಿಮಿಷ ಅನ್ನುವುದು ಕಾಗೆಗೆ ಮಾತ್ರ ಸಾಧ್ಯವಾಗುವ ಲೆಕ್ಕ.

ಬ್ರೋಕರ್ ಸೋಲಲಿಲ್ಲ. 'ಮ್ಯಾಪ್‌ಗೆ ಶಾರ್ಟ್‌ಕಟ್ ಗೊತ್ತಿಲ್ಲ ಮೇಡಂ' ಅಂದ. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ, ಎಷ್ಟೋ ಓಣಿಗಳು ಮ್ಯಾಪ್‌ನಲ್ಲಿ ಇರುವುದಿಲ್ಲ. ಉಲ್ಟಾ ಕೂಡ ನಿಜ. ಮ್ಯಾಪ್ ತೋರಿಸುವ ದಾರಿ ಯಾವುದೋ ಗೇಟೆಡ್ ಲೇಔಟಿನೊಳಗೆ ಹಾದು ಹೋಗಿ, ಅಲ್ಲಿನ ವಾಚ್‌ಮನ್ ನಿಮ್ಮನ್ನು ವಾಪಸ್ ಕಳಿಸುವುದೂ ಉಂಟು. ಹಾಗಾಗಿ ಅಕ್ಕ ಹೇಳಿದಳು: 'ಸರಿ, ನಿಲ್ದಾಣದ ಬೋರ್ಡ್ ಕೆಳಗೆ ನಿಂತು ವಿಡಿಯೋ ಕಾಲ್ ಮಾಡಿ. ಕಟ್ ಮಾಡದೆ ಮನೆ ಬಾಗಿಲವರೆಗೂ ನಡೆದು ಬನ್ನಿ.'

ಶಾರ್ಟ್‌ಕಟ್ ಇದ್ದದ್ದು ಸತ್ಯ. ಆ ಕಾಂಪೌಂಡ್ ಗೋಡೆಯಲ್ಲಿ ಯಾರೋ ಒಡೆದಿದ್ದ ಒಂದು ಕಿಂಡಿ, ಕಾಲುವೆ ದಾಟಲು ಹಾಕಿದ್ದ ಎರಡು ಕಲ್ಲು ಚಪ್ಪಡಿ. ಕಿಂಡಿಗೆ ಹೊಸದಾಗಿ ಇಟ್ಟಿಗೆ ಕಟ್ಟಿ ಮುಚ್ಚಿದ್ದರು, ಗಾರೆ ಇನ್ನೂ ಹಸಿಯಾಗಿತ್ತು. ಬ್ರೋಕರ್ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಫೋನಿನಲ್ಲಿ ಆಟೋ ಸದ್ದು ಕೇಳಿತು. ಆಟೋದಲ್ಲಿ ಐದೇ ನಿಮಿಷ ಮೇಡಂ, ಜಾಹೀರಾತಿನಲ್ಲಿ ನಡಿಗೆ ಅಂತ ಎಲ್ಲಿ ಬರೆದಿದ್ದೀವಿ ಅಂದ. ನ್ಯಾಯವಾದ ಮಾತು. ಯಾವ ವಾಹನ, ಯಾವ ಹೊತ್ತು ಅಂತ ಯಾವ ಜಾಹೀರಾತೂ ಬರೆಯುವುದಿಲ್ಲ. ಬಹುಶಃ ಭಾನುವಾರ ಬೆಳಗಿನ ಜಾವ ಆಂಬುಲೆನ್ಸ್‌ನಲ್ಲಿ ಅಂತ ಅರ್ಥ.

ಅಕ್ಕ ಅದನ್ನೂ ನೋಡಿದಳು. ಮ್ಯಾಪ್‌ನಲ್ಲಿ ಹೊರಡುವ ಸಮಯವನ್ನು ಸೋಮವಾರ ಬೆಳಿಗ್ಗೆ 9 ಗಂಟೆ ಅಂತ ಕೊಟ್ಟಳು. ಆಗ ಅದು ಒಂದು ಅಂಕಿ ಹೇಳುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಅನ್ನುತ್ತದೆ. ಬಂದದ್ದು 9ರಿಂದ 22 ನಿಮಿಷ. ಕೆಲಸಕ್ಕೆ ಹೋಗುವವನು ನಂಬಬೇಕಾದದ್ದು ಎರಡನೇ ಅಂಕಿಯನ್ನು. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಮೇಲೆ ಮಲಗಿ ಮ್ಯಾಪ್ ನೋಡಿದರೆ ಬೆಂಗಳೂರಿನ ಎಲ್ಲ ಮನೆಯೂ ಎಲ್ಲ ಆಫೀಸಿಗೂ ಹತ್ತಿರವೇ.

ಇಷ್ಟಕ್ಕೂ ಇಲ್ಲಿ ಮೆಟ್ರೋ ಅನ್ನುವುದಾದರೂ ನಿಜವಾಗಿ ಓಡುತ್ತಿದೆ. ಹೊಂಗಸಂದ್ರದ ಮೇಲೆ ಹಾದುಹೋಗುವ ಈ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ, ಅದೂ ಮೂರೇ ರೈಲಿನಿಂದ, 25 ನಿಮಿಷಕ್ಕೊಂದು. ಜಾಹೀರಾತುಗಳಲ್ಲಿ ಮಾತ್ರ ಕಂಬ ಎದ್ದ ದಿನದಿಂದಲೇ ಓಡುತ್ತಿತ್ತು. ಎಷ್ಟೋ ಜನ ಕಾಮಗಾರಿಯ ಧೂಳು ಕುಡಿಯುತ್ತಾ ಮೆಟ್ರೋ ಪಕ್ಕದ ಬಾಡಿಗೆ ಕಟ್ಟಿದ್ದಾರೆ. ಈಗಲೂ ಬೇರೆ ಕಡೆ 'ಮೆಟ್ರೋ ಹತ್ತಿರ' ಅಂತ ಕಂಡರೆ ನಿಲ್ದಾಣದ ಹೆಸರು ಕೇಳಿ, ಆ ಹೆಸರು ನಮ್ಮ ಮೆಟ್ರೋದ ಓಡುತ್ತಿರುವ ನಿಲ್ದಾಣಗಳ ಪಟ್ಟಿಯಲ್ಲಿದೆಯಾ ನೋಡಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಮೊಮ್ಮಕ್ಕಳ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಸುವುದು ಒಳ್ಳೆಯದು.

ವಿಡಿಯೋದಲ್ಲಿ ಕಂಡ ಮನೆಯೇನೋ ಹುಡುಗನಿಗೆ ಇಷ್ಟವಾಗಿತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಬಾಡಿಗೆ ಇಳಿಸಿದರೆ ನೋಡೋಣ ಅಂದ. ಮಾಲೀಕರು ಸ್ವಲ್ಪ ಇಳಿಸಿದರು. ಮತ್ತೆ ಟೋಕನ್ ಮಾತು ಬಂತು. ಅಕ್ಕ ಒಂದೇ ಒಂದು ಷರತ್ತು ಹಾಕಿದಳು: 'ಮನೆಯ ಪೂರ್ತಿ ವಿಳಾಸ, ಪಿನ್‌ಕೋಡ್, ನಿಲ್ದಾಣಕ್ಕೆ ನಡೆದರೆ ಎಷ್ಟು ದೂರ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ತಮ್ಮ ಬಂದು ನೋಡಿದಾಗ ಹಾಗಿಲ್ಲದಿದ್ದರೆ ಟೋಕನ್ ವಾಪಸ್ ಅಂತಲೂ ಸೇರಿಸಿ. ಆಮೇಲೆ ದುಡ್ಡು ಹಾಕ್ತೀವಿ.'

ವಿಳಾಸ ಬಂತು. ಪಿನ್‌ಕೋಡ್ ಬಂತು. ದೂರ ಮಾತ್ರ ಬರಲಿಲ್ಲ. ಮತ್ತೆ ಕೇಳಿದ್ದಕ್ಕೆ ಬ್ರೋಕರ್ ಫೋನ್ ಮಾಡಿ ಬಹಳ ವಿನಯದಿಂದ ಹೇಳಿದ, 'ಅದೊಂದು ಬರೆದು ಕೊಡೋಕಾಗಲ್ಲ ಮೇಡಂ. ಬೆಂಗಳೂರಲ್ವಾ, ದೂರ ದಿನಕ್ಕೊಂದು ಥರ ಇರುತ್ತೆ.'