ವಾರದ ಕ್ವಿಜ್‌ಗೆ ಪ್ರಶ್ನೆ ಹುಡುಕಬೇಕಾದ್ದು ಸ್ಪೀಕರ್ ನೋಟ್ಸ್‌ನಲ್ಲಿ

ಪ್ರತಿ ವಾರ ಆನ್‌ಲೈನ್‌ನಲ್ಲಿ ನಾಲ್ಕೈದು ಪ್ರಶ್ನೆಯ ಪುಟ್ಟ ಕ್ವಿಜ್ ಕೊಡುವ ಮೇಷ್ಟ್ರು, ಮೇಡಂಗಳು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಸ್ಲೈಡ್ ಮೇಲಿನ ಬುಲೆಟ್ ಸಾಲುಗಳನ್ನು ತಿರುಗಿಸಿ ಪ್ರಶ್ನೆ ಮಾಡಬೇಡಿ. ಅದರ ಕೆಳಗೆ ನಿಮಗೋಸ್ಕರ ಬರೆದುಕೊಂಡಿರುವ ಸ್ಪೀಕರ್ ನೋಟ್ಸ್ ತೆರೆಯಿರಿ.

ನಾನೂ ಎರಡು ವರ್ಷ ಬುಲೆಟ್‌ನಿಂದಲೇ ಮಾಡುತ್ತಿದ್ದೆ. ನನ್ನದು ಸಂಖ್ಯಾಶಾಸ್ತ್ರದ ಮೊದಲ ಕೋರ್ಸ್. ಸ್ಲೈಡ್‌ನಲ್ಲಿ "ಮಧ್ಯಾಂಕ: ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆ" ಅಂತ ಇರುತ್ತಿತ್ತು. ಕ್ವಿಜ್‌ನಲ್ಲಿ "ಮಧ್ಯಾಂಕ ಎಂದರೇನು?" ಅಂತ ಕೇಳುತ್ತಿದ್ದೆ. ಹೆಚ್ಚುಕಡಿಮೆ ಎಲ್ಲರದ್ದೂ ಸರಿ. ನನಗೂ ಖುಷಿ. ಪರೀಕ್ಷೆಯಲ್ಲಿ ಐದು ಅಂಕಿ ಕೊಟ್ಟು ಮಧ್ಯಾಂಕ ಕೇಳಿದರೆ ಅದೇ ಮಕ್ಕಳು ತಪ್ಪು ಬರೆಯುತ್ತಿದ್ದರು. ಮನೆಯಲ್ಲಿ ಕೂತು ಕ್ವಿಜ್ ಮಾಡುವವರ ಪಕ್ಕದಲ್ಲಿ ಸ್ಲೈಡ್ ಫೈಲ್ ತೆರೆದೇ ಇರುತ್ತದೆ, ಅಲ್ವಾ? Ctrl+F ಒತ್ತಿ "ಮಧ್ಯಾಂಕ" ಅಂತ ಹುಡುಕಿದರೆ ಉತ್ತರ ಸಿಕ್ಕಿಬಿಡುತ್ತದೆ. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಹುಡುಕಿದರೆ ಸಾಕು ಅನ್ನುವಂಥ ಪ್ರಶ್ನೆಯನ್ನು ಕೊಟ್ಟವಳು ನಾನು.

ಈಗ ಪ್ರತಿ ಪ್ರಶ್ನೆಯನ್ನೂ ಮೊದಲು ನಾನೇ ಹಾಗೆ ಹುಡುಕಿ ನೋಡುತ್ತೇನೆ. ಪ್ರಶ್ನೆಯಲ್ಲಿರುವ ಒಂದು ಮುಖ್ಯ ಪದವನ್ನು ಸ್ಲೈಡ್‌ನಲ್ಲಿ ಹುಡುಕಿದಾಗ ಉತ್ತರ ಅದೇ ಸಾಲಿನಲ್ಲಿ ಕಂಡರೆ ಆ ಪ್ರಶ್ನೆ ಹೋಯಿತು.

ನೋಟ್ಸ್‌ನಲ್ಲಿ ಬೇರೆಯದೇ ಸಂಗತಿ ಇರುತ್ತದೆ. ಅಲ್ಲಿ ನಾವು ಪಾಠ ಮಾಡುವಾಗ ಬಾಯಲ್ಲಿ ಹೇಳುವುದನ್ನು ಬರೆದುಕೊಂಡಿರುತ್ತೇವೆ. ಯಾಕೆ ಹಾಗೆ, ಎಲ್ಲಿ ಎಡವುತ್ತಾರೆ, ಹೋದ ವರ್ಷ ಯಾವ ಪ್ರಶ್ನೆ ಬಂತು, ಯಾವ ಉದಾಹರಣೆ ಕೊಡಬೇಕು. ನನ್ನ ಅದೇ ಸ್ಲೈಡ್‌ನ ನೋಟ್ಸ್ ಹೀಗಿತ್ತು: "ಜೋಡಿಸದೇ ನಡುವಿನದನ್ನು ಎತ್ತಿಕೊಳ್ಳುತ್ತಾರೆ, ಎಚ್ಚರಿಸು. ಕೆಲವರು ಚಿಕ್ಕದು ದೊಡ್ಡದು ಕೂಡಿಸಿ ಅರ್ಧ ಮಾಡುತ್ತಾರೆ. ಒಂದು ಅಂಕಿ ತುಂಬಾ ದೊಡ್ಡದಾದರೆ ಸರಾಸರಿ ಎಳೆದುಕೊಂಡು ಹೋಗುತ್ತದೆ, ಮಧ್ಯಾಂಕ ಅಲುಗುವುದಿಲ್ಲ."

ಈ ಮೂರು ಸಾಲಿನಲ್ಲಿ ಮೂರು ತಪ್ಪು ಉತ್ತರಗಳು ಆಗಲೇ ಸಿದ್ಧವಾಗಿವೆ. ಬಹು ಆಯ್ಕೆ ಪ್ರಶ್ನೆ ಬರೆಯುವವರಿಗೆ ಗೊತ್ತು, ಸರಿ ಉತ್ತರ ಬರೆಯುವುದು ಕಷ್ಟವಲ್ಲ. ನಂಬುವಂಥ ತಪ್ಪು ಉತ್ತರ ಸಿಗುವುದೇ ಕಷ್ಟ. ಸುಮ್ನೆ ಯಾವುದೋ ಅಂಕಿ ಹಾಕಿದರೆ ಅದನ್ನು ಯಾರೂ ಆರಿಸುವುದಿಲ್ಲ.

7, 4, 58, 5, 6. ಈ ಐದು ಅಂಕಿ ತೆಗೆದುಕೊಂಡೆ. ಬೇಕಂತಲೇ ಕ್ರಮ ತಪ್ಪಿಸಿ, 58ನ್ನು ನಡುವೆ ಇಟ್ಟೆ. ಜೋಡಿಸಿದರೆ 4, 5, 6, 7, 58. ಮಧ್ಯಾಂಕ 6. ಜೋಡಿಸಲು ಮರೆತವರು 58 ಅನ್ನುತ್ತಾರೆ. ಚಿಕ್ಕದು ದೊಡ್ಡದು ಕೂಡಿಸಿ ಅರ್ಧ ಮಾಡುವವರಿಗೆ 31 ಬರುತ್ತದೆ. ಸರಾಸರಿಗೂ ಮಧ್ಯಾಂಕಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಎಲ್ಲ ಕೂಡಿಸಿ 80, ಅದನ್ನು ಐದರಿಂದ ಭಾಗಿಸಿ 16 ಅನ್ನುತ್ತಾರೆ. ನಾಲ್ಕೂ ಬೇರೆ ಬೇರೆ ಉತ್ತರ. ಯಾವುದನ್ನು ಆರಿಸಿದರು ಅನ್ನುವುದರಲ್ಲೇ ಎಲ್ಲಿ ಎಡವಿದರು ಅನ್ನುವುದು ಕಾಣುತ್ತದೆ. ಇಲ್ಲಿ ಅಂಕಿಗಳನ್ನು ನೋಡಿ ಆರಿಸಬೇಕು. 6, 4, 5, 7, 8 ಅಂತ ಕೊಟ್ಟಿದ್ದರೆ ಸರಾಸರಿಯೂ 6, ಚಿಕ್ಕದು ದೊಡ್ಡದರ ಅರ್ಧವೂ 6, ಮಧ್ಯಾಂಕವೂ 6. ತಪ್ಪು ದಾರಿಯಲ್ಲಿ ಹೋದವರಿಗೂ ಪೂರ್ತಿ ಅಂಕ ಸಿಗುತ್ತಿತ್ತು.

ಮೂಡಲ್ ಬಳಸುವವರು ಇದನ್ನು ಒಂದೊಂದಾಗಿ ಕ್ಲಿಕ್ ಮಾಡಿ ತುಂಬಬೇಕಾಗಿಲ್ಲ. GIFT ಅನ್ನುವ ಸರಳ ಪಠ್ಯ ರೂಪದಲ್ಲಿ ಬರೆದು ಒಟ್ಟಿಗೆ ಇಂಪೋರ್ಟ್ ಮಾಡಬಹುದು:

```
::ವಾರ3-ಪ್ರ2:: 7, 4, 58, 5, 6 ಈ ಅಂಕಿಗಳ ಮಧ್ಯಾಂಕ ಎಷ್ಟು? {
=6
~58 #ಮೊದಲು ಏರಿಕೆ ಕ್ರಮದಲ್ಲಿ ಜೋಡಿಸಿ.
~31 #ಇದು ಚಿಕ್ಕದು, ದೊಡ್ಡದರ ನಡುವಿನ ಬಿಂದು.
~16 #ಇದು ಸರಾಸರಿ.
}
```

ಸರಿ ಉತ್ತರಕ್ಕೆ ಮುಂದೆ = ಚಿಹ್ನೆ, ತಪ್ಪಿಗೆ ~, # ಆದ ಮೇಲೆ ಬರುವುದು ಆ ಉತ್ತರ ಆರಿಸಿದವರಿಗೆ ಕಾಣುವ ಫೀಡ್‌ಬ್ಯಾಕ್. ಎರಡು ಪ್ರಶ್ನೆಗಳ ನಡುವೆ ಒಂದು ಖಾಲಿ ಸಾಲು ಇರಬೇಕು, ಪ್ರಶ್ನೆಯ ಒಳಗೆ ಖಾಲಿ ಸಾಲು ಇರಬಾರದು. ಫೈಲನ್ನು UTF-8 ಆಗಿ ಸೇವ್ ಮಾಡಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಗುರುತೇ ಸಿಗದ ಅಕ್ಷರಗಳು ಬರುತ್ತವೆ. ಪ್ರಶ್ನೆಯ ಮಾತಿನಲ್ಲೇ = ಚಿಹ್ನೆ ಬೇಕಾದರೆ ಅದಕ್ಕಿಂತ ಮೊದಲು \ ಹಾಕಿ.

ಆ ಫೀಡ್‌ಬ್ಯಾಕ್ ಸಾಲನ್ನು ದಯವಿಟ್ಟು ಬಿಡಬೇಡಿ. "ತಪ್ಪು, ಅಧ್ಯಾಯ 3 ಓದಿ" ಅಂದರೆ ಯಾರೂ ಓದುವುದಿಲ್ಲ. "ಇದು ಸರಾಸರಿ" ಅಂದರೆ ಅಲ್ಲೇ ಹೊಳೆಯುತ್ತದೆ. ಈ ಸಾಲೂ ಮೊದಲೇ ನೋಟ್ಸ್‌ನಲ್ಲಿ ಇರುತ್ತದೆ. ಕ್ಲಾಸಿನಲ್ಲಿ ತಿದ್ದುವಾಗ ನೀವು ಬಾಯಲ್ಲಿ ಹೇಳುವ ಮಾತೇ ಅದು.

ಎಲ್ಲ ಪ್ರಶ್ನೆಗೂ ಮೂರು ತಪ್ಪು ಉತ್ತರ ಸಿಗುವುದಿಲ್ಲ. ನೋಟ್ಸ್‌ನಲ್ಲಿ ಎರಡೇ ನಿಜವಾದ ತಪ್ಪು ಸಿಕ್ಕರೆ ಮೂರು ಆಯ್ಕೆಗೆ ನಿಲ್ಲಿಸಿ. ಎಂಬತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೈಕೆಲ್ ರಾಡ್ರಿಗಸ್ 2005ರಲ್ಲಿ ಬರೆದದ್ದೂ ಇದನ್ನೇ, ಸಾಮಾನ್ಯವಾಗಿ ಮೂರು ಆಯ್ಕೆ ಸಾಕು. "ಮೇಲಿನ ಎಲ್ಲವೂ" ಅಂತ ನಾಲ್ಕನೆಯದನ್ನು ತುಂಬಿಸುವುದು ನನಗಂತೂ ಇಷ್ಟವಿಲ್ಲ. ಎರಡು ಸರಿ ಅಂತ ಗೊತ್ತಾದರೆ ಮೂರನೆಯದನ್ನು ಓದದೇ ಉತ್ತರ ಹೇಳಬಹುದು.

ನೋಟ್ಸ್ ನಂಬಿ ಹೋಗುವುದರಲ್ಲಿ ಒಂದು ಅಪಾಯ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಒಂದು ವಾರ ಸಮಯ ಸಾಲಲಿಲ್ಲ. ಕೊನೆಯ ಎರಡು ಸ್ಲೈಡ್‌ಗಳನ್ನು ಮರೆಮಾಡಿ ಮುಂದೆ ಹೋದೆ. ಮರೆಮಾಡಿದ ಸ್ಲೈಡ್ ಪಾಠದ ಹೊತ್ತಿಗೆ ಪರದೆಯ ಮೇಲೆ ಬರುವುದಿಲ್ಲ, ಆದರೆ ಫೈಲ್‌ನಲ್ಲಿ ಅದೂ ಅದರ ನೋಟ್ಸೂ ಹಾಗೇ ಇರುತ್ತವೆ. ರಾತ್ರಿ ಕೂತು ನೋಟ್ಸ್ ಓದಿ ಪ್ರಶ್ನೆ ಬರೆದವಳಿಗೆ ಅದು ನೆನಪಾಗಲಿಲ್ಲ. ಮಾರನೇ ದಿನ ಒಬ್ಬ ಹುಡುಗಿ ಬಂದು, "ಮೇಡಂ, ನಾಲ್ಕನೇ ಪ್ರಶ್ನೆ ನೀವು ಹೇಳೇ ಇಲ್ವಲ್ಲ" ಅಂದಳು. ಅವಳ ಮಾತು ನಿಜ. ಆ ಪ್ರಶ್ನೆ ತೆಗೆದು ಎಲ್ಲರ ಅಂಕ ಮತ್ತೆ ಲೆಕ್ಕ ಹಾಕಿಸಿದೆ.

ಅಂದಿನಿಂದ ಕ್ಲಾಸ್ ಮುಗಿದ ಐದು ನಿಮಿಷದಲ್ಲಿ ನೋಟ್ಸ್ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ. ಹೇಳದೇ ಬಿಟ್ಟ ಸಾಲಿನ ಮುಂದೆ "ಹೇಳಿಲ್ಲ" ಅಂತ ಬರೆಯುತ್ತೇನೆ. ನೋಟ್ಸ್‌ನಲ್ಲಿ ಇಲ್ಲದೇ ಯಾರೋ ಕೇಳಿದ್ದಕ್ಕೆ ಹೇಳಿದ್ದನ್ನೂ ಸೇರಿಸುತ್ತೇನೆ. ಕ್ವಿಜ್ ಬರೆಯುವುದು ಆಮೇಲೆ. ಈ ಐದು ನಿಮಿಷ ಬಿಟ್ಟರೆ ನಾವು ಹೇಳಿದ್ದರ ಮೇಲಲ್ಲ, ಹೇಳಬೇಕು ಅಂದುಕೊಂಡಿದ್ದರ ಮೇಲೆ ಪರೀಕ್ಷೆ ಮಾಡುತ್ತೇವೆ.

ಕ್ವಿಜ್ ಮುಗಿದ ಮೇಲೆ ಯಾರಿಗೆ ಎಷ್ಟು ಅಂಕ ಬಂತು ಅನ್ನುವುದಕ್ಕಿಂತ ಯಾವ ಆಯ್ಕೆಗೆ ಎಷ್ಟು ಜನ ಹೋದರು ಅಂತ ಜಾಸ್ತಿ ನೋಡುತ್ತೇನೆ. ಯಾರೂ ಮುಟ್ಟದ ಆಯ್ಕೆಯನ್ನು ಮುಂದಿನ ಸಲ ತೆಗೆಯುತ್ತೇನೆ. ಚೆನ್ನಾಗಿ ಓದುವವರೇ ಒಂದು ತಪ್ಪು ಆಯ್ಕೆಗೆ ಹೋಗಿದ್ದರೆ ಮೊದಲು ನನ್ನ ಪ್ರಶ್ನೆಯನ್ನೇ ಮತ್ತೆ ಓದುತ್ತೇನೆ, ಬಹಳ ಸಲ ಗೊಂದಲ ಅದರ ಮಾತಿನಲ್ಲೇ ಇರುತ್ತದೆ. ಮಧ್ಯಾಂಕದ ಪ್ರಶ್ನೆಯಲ್ಲಿ ನಾನು 58ಕ್ಕೆ ಜಾಸ್ತಿ ಜನ ಹೋಗುತ್ತಾರೆ ಅಂದುಕೊಂಡಿದ್ದೆ. ಹೋದದ್ದು 31ಕ್ಕೆ. ಆ ಸ್ಲೈಡ್‌ನ ನೋಟ್ಸ್‌ನಲ್ಲಿ ಈಗ ಹೊಸದಾಗಿ ಒಂದು ಸಾಲು ಇದೆ: "ಚಿಕ್ಕದು ದೊಡ್ಡದರ ಅರ್ಧ ಯಾಕೆ ಮಧ್ಯಾಂಕ ಅಲ್ಲ ಅಂತ ಬೋರ್ಡ್ ಮೇಲೆ ಮಾಡಿ ತೋರಿಸು. ಬರೀ ಬಾಯಲ್ಲಿ ಹೇಳಿದರೆ ಸಾಲದು."