ಸ್ಕೂಲ್ ಡೇ ಮುಂದೂಡಿದ ಮೂರು ಸಾಲಿನ ಸುತ್ತೋಲೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡಕ್ಕೆ ಬಂತು. ಆಮೇಲೆ ಬಲ ಕಳೆದುಕೊಂಡು ನಮ್ಮ ಕಡೆಗೆ ಸರಿಯಿತು. ಡಿಸೆಂಬರ್ 3, ಮಂಗಳವಾರ, ದಕ್ಷಿಣ ಕನ್ನಡದ ಶಾಲೆಗಳಿಗೆ ಡಿಸಿ ರಜೆ ಕೊಟ್ಟರು. ಅದೇ ಸಂಜೆ ನನ್ನ ಮಗಳ ಶಾಲೆಯಲ್ಲಿ ಸ್ಕೂಲ್ ಡೇ ಇತ್ತು.

ಹಿಂದಿನ ರಾತ್ರಿ ಕ್ಲಾಸ್ ಗ್ರೂಪಿಗೆ ಸುತ್ತೋಲೆ ಬಂತು. 'ಭಾರಿ ಮಳೆಯ ಕಾರಣ ನಾಳೆಯ ವಾರ್ಷಿಕೋತ್ಸವವನ್ನು ಮುಂದೂಡಲಾಗಿದೆ. ಹೊಸ ದಿನಾಂಕ 14. ಪೋಷಕರು ಸಹಕರಿಸಬೇಕು.' ಅಷ್ಟೇ.

ಮುಂದೂಡಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಅಂತಲೇ ಸ್ಕೂಲ್ ಡೇ ಇಡುವುದು. ಹಾಗಾಗಿ ಎಲ್ಲವೂ ಬಯಲಲ್ಲೇ. ಸಂಜೆ ಮಳೆ ಬಿಟ್ಟರೂ ನೆಲ ಒಣಗುವುದಿಲ್ಲ. ಶಾಮಿಯಾನದ ಬಟ್ಟೆಯಲ್ಲಿ ನೀರು ನಿಂತು ಭಾರಕ್ಕೆ ಜಗ್ಗುತ್ತದೆ. ಸ್ಟೇಜಿನ ಲೈಟು, ಸೌಂಡ್‌ಬಾಕ್ಸಿನ ವಯರು ಒದ್ದೆ ಮಣ್ಣಿನ ಮೇಲೇ ಹಾದುಹೋಗುತ್ತವೆ, ಪಕ್ಕದಲ್ಲೇ ಬರಿಗಾಲಿನಲ್ಲಿ ಮಕ್ಕಳು ಓಡಾಡುತ್ತಾರೆ. ಇಷ್ಟು ಗೊತ್ತಿದ್ದೂ 'ಸ್ವಲ್ಪ ಕಾಯಬಹುದಿತ್ತು' ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಆ ಮೂರು ಸಾಲಿನ ಬಗ್ಗೆ ಮಾತ್ರ. ಆ ರಾತ್ರಿ ಗ್ರೂಪಿನಲ್ಲಿ ಬಂದ ಪ್ರಶ್ನೆಗಳನ್ನೇ ನೋಡಿ. ಡ್ಯಾನ್ಸ್ ಡ್ರೆಸ್ ಆಗಲೇ ಬಾಡಿಗೆಗೆ ತಂದಾಗಿತ್ತು. ಅಂಗಡಿಯವರು ಕೊಡುವುದು ಒಂದು ದಿನದ ಲೆಕ್ಕಕ್ಕೆ, ಇಟ್ಟುಕೊಂಡಷ್ಟು ದಿನ ಬಾಡಿಗೆ ಏರುತ್ತದೆ. ಬೆಳಿಗ್ಗೆಯೇ ವಾಪಸ್ ಕೊಡಬೇಕಾ? 14 ಶನಿವಾರ, ಡಿಸೆಂಬರಿನ ಶನಿವಾರ ಅಂದರೆ ಎಷ್ಟೋ ಶಾಲೆಗಳ ಸ್ಕೂಲ್ ಡೇ. ಅವತ್ತಿಗೆ ಅದೇ ಡ್ರೆಸ್, ಅದೇ ಅಳತೆಯಲ್ಲಿ ಸಿಗುತ್ತದಾ? ಅಂಗಡಿಯವರ ಹತ್ತಿರ ಯಾರು ಮಾತಾಡುವುದು, ಟೀಚರಾ, ನಾವಾ? ಒಬ್ಬ ತಾಯಿ ಕೇಳಿದ್ದು ಇನ್ನೊಂದು. ಮಗಳ ಡ್ಯಾನ್ಸ್ ನೋಡಲಿಕ್ಕೆಂದೇ ಅವರ ಗಂಡ ದುಬೈಯಿಂದ ರಜೆ ಹಾಕಿ ಬಂದಿದ್ದರು, 12ಕ್ಕೆ ವಾಪಸ್ ಟಿಕೆಟ್. 'ಮಕ್ಕಳ ಪ್ರಾಕ್ಟೀಸಿಗಾದರೂ ಅವರನ್ನು ಒಮ್ಮೆ ಬಿಡ್ತೀರಾ ಟೀಚರ್?' ಅಂತ ಕೇಳಿದರು. ಉತ್ತರ ಬರಲೇ ಇಲ್ಲ.

ಟೀಚರ್‌ಗಳನ್ನು ನಾನು ದೂರುವುದಿಲ್ಲ. ಅವರಿಗೂ ಸಿಕ್ಕಿದ್ದು ಅದೇ ಮೂರು ಸಾಲು. ರಾತ್ರಿ ಹನ್ನೊಂದರವರೆಗೆ ಪಾಪ, ಫೋನ್ ಎತ್ತುತ್ತಲೇ ಇದ್ದರು.

ಇದಕ್ಕೆಲ್ಲ ಸೋಮವಾರ ರಾತ್ರಿಯವರೆಗೆ ಕಾಯಬೇಕಾಗಿರಲಿಲ್ಲ. ಹವಾಮಾನ ಇಲಾಖೆ ಜಿಲ್ಲಾವಾರು ಮುನ್ಸೂಚನೆಯನ್ನು ಕೆಲವು ದಿನ ಮೊದಲೇ ಕೊಡುತ್ತದೆ. ಚಂಡಮಾರುತದ ಸುದ್ದಿಯಂತೂ ಶನಿವಾರವೇ ಎಲ್ಲ ಟಿವಿಯಲ್ಲಿತ್ತು. ಮಳೆ ಬಂದೇ ಬರುತ್ತದೆ ಅಂತ ಆಗ ಹೇಳಲಿಕ್ಕಾಗುವುದಿಲ್ಲ, ನಿಜ. ಆದರೆ 'ಬಂದರೆ ಹೀಗೆ ಮಾಡುತ್ತೇವೆ' ಅಂತ ಹೇಳಬಹುದು. ಅಂದರೆ ಸುತ್ತೋಲೆ ಎರಡು ಬೇಕು. ಭಾನುವಾರ ಒಂದು: 'ಮಂಗಳವಾರ ಮಳೆಯ ಸಾಧ್ಯತೆ ಇದೆ. ಕಾರ್ಯಕ್ರಮ ನಡೆಯುತ್ತದೋ ಇಲ್ಲವೋ ಸೋಮವಾರ ಮಧ್ಯಾಹ್ನ 12ಕ್ಕೆ ತಿಳಿಸುತ್ತೇವೆ. ಅಲ್ಲಿಯವರೆಗೆ ಯಾರೂ ಡ್ರೆಸ್ ತರಬೇಡಿ.' ಈ ಕೊನೆಯ ಸಾಲೊಂದಿದ್ದರೆ ನಮ್ಮ ಕ್ಲಾಸಿನ ಎಷ್ಟು ಮನೆಯ ದುಡ್ಡು ಉಳಿಯುತ್ತಿತ್ತು! ಅದರಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುವ ಮನೆಗಳೂ ಇವೆ.

ಎರಡನೆಯದು ಸೋಮವಾರ ಮಧ್ಯಾಹ್ನದ್ದು. ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ:

'ಡಿಸೆಂಬರ್ 3, ಮಂಗಳವಾರದ ವಾರ್ಷಿಕೋತ್ಸವ ಮಳೆಯ ಕಾರಣ ನಡೆಯುವುದಿಲ್ಲ. ಅದು ಡಿಸೆಂಬರ್ 14, ಶನಿವಾರ ಸಂಜೆ 5ಕ್ಕೆ ಅದೇ ಮೈದಾನದಲ್ಲಿ ನಡೆಯುತ್ತದೆ. ಅವತ್ತೂ ಮಳೆ ಬಂದರೆ ಒಳಗಿನ ಹಾಲ್‌ನಲ್ಲಿ, ಮನೆಗೆ ಇಬ್ಬರಿಗೆ ಮಾತ್ರ ಪ್ರವೇಶ. ಡ್ರೆಸ್ ಅಂಗಡಿಯವರೊಂದಿಗೆ ಶಾಲೆಯೇ ಮಾತಾಡಿದೆ, ಕೊಟ್ಟ ಅಡ್ವಾನ್ಸ್ 14ಕ್ಕೆ ಸಲ್ಲುತ್ತದೆ. ಅಂದು ಬೆಳಿಗ್ಗೆ ತರಗತಿ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಲಾ ಬಸ್ ಇರುವುದಿಲ್ಲ. 14ಕ್ಕೆ ಬರಲಾಗದ ಪೋಷಕರು ತರಗತಿ ಶಿಕ್ಷಕರಿಗೆ ತಿಳಿಸಿ, ಕೊನೆಯ ರಿಹರ್ಸಲ್ ನೋಡಲು ಅವಕಾಶವಿದೆ.'

ಬೆಳಿಗ್ಗೆ ತರಗತಿ ಇಲ್ಲ ಅನ್ನುವ ಸಾಲು ಸುಮ್ನೆ ಸೇರಿಸಿದ್ದಲ್ಲ. ಮಳೆ ರಜೆ ಕೊಟ್ಟರೆ ಆ ದಿನದ ಪಾಠವನ್ನು ಶನಿವಾರದಲ್ಲಿ ಸರಿದೂಗಿಸುವುದು ಇಲ್ಲಿನ ವಾಡಿಕೆ. ಪೋಷಕರು ಅದನ್ನು ಕೇಳಿಯೇ ಕೇಳುತ್ತಾರೆ. ಹಾಗೆಯೇ ದಿನಾಂಕದ ಜೊತೆ ವಾರದ ಹೆಸರು ಇರಲೇಬೇಕು. ಬರೀ '14' ಅಂದರೆ ಯಾವ ವಾರ ಅಂತ ಅಜ್ಜಿಯಂದಿರು ಮತ್ತೆ ಕ್ಯಾಲೆಂಡರ್ ಹುಡುಕಬೇಕು.

ಈ ಎರಡು ಕರಡನ್ನೂ ಹೆಡ್ ಮಿಸ್ ಕೈಗೆ ಕೊಟ್ಟಿದ್ದೇನೆ. ನಿಮ್ಮ ಶಾಲೆಗೆ ಬೇಕಾದರೆ ದಿನಾಂಕ ಬದಲಿಸಿ ಹಾಗೇ ಬಳಸಿಕೊಳ್ಳಿ. ಬಿಟ್ಟುಹೋದ ಸಾಲು ಇದ್ದರೆ ಹೇಳಿ, ಸೇರಿಸುತ್ತೇನೆ.